ಮುಟ್ಟಿಗೆ ಮುಂಚಿನ ವಾರ ಮಾತ್ರ ಹೊಟ್ಟೆ ಕಟ್ಟುತ್ತಿತ್ತು

ತಿಂಗಳ ಉಳಿದ ದಿನಗಳಲ್ಲಿ ನನಗೆ ಮಲಬದ್ಧತೆ ಇಲ್ಲ. ಮುಟ್ಟಿಗೆ ಒಂದು ವಾರ ಇದೆ ಅನ್ನುವಾಗ ಹೊಟ್ಟೆ ಉಬ್ಬರ ಶುರುವಾಗಿ, ಬೆಳಿಗ್ಗೆ ಎಷ್ಟು ಕೂತರೂ ಸರಿಯಾಗಿ ಹೋಗುತ್ತಿರಲಿಲ್ಲ. ಮುಟ್ಟಾದ ದಿನ ತಾನಾಗಿಯೇ ಬಿಡುತ್ತಿತ್ತು, ಕೆಲವು ಸಲ ತೆಳ್ಳಗೂ ಆಗುತ್ತಿತ್ತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನಕ್ಕೆ ಸುತ್ತು, ಹೊಟ್ಟೆ ಕಟ್ಟಿದ ದಿನಕ್ಕೆ ಚುಕ್ಕಿ ಹಾಕುತ್ತಾ ಬಂದೆ. ಚುಕ್ಕಿಗಳೆಲ್ಲ ಸುತ್ತಿನ ಹಿಂದೆಯೇ ಗುಂಪುಗೂಡಿದ್ದವು.

ಕಾರಣ ಹೀಗಿದೆ. ಅಂಡ ಬಿಡುಗಡೆಯಾದ ಮೇಲೆ ದೇಹದಲ್ಲಿ ಪ್ರೊಜೆಸ್ಟರಾನ್ ಏರುತ್ತದೆ. ಅದು ಗರ್ಭಕೋಶದ ಸ್ನಾಯುಗಳನ್ನು ಸಡಿಲವಾಗಿ ಇಡುವ ಹಾರ್ಮೋನು. ಕರುಳಿನ ಗೋಡೆಯಲ್ಲಿರುವುದೂ ಅದೇ ಜಾತಿಯ ಸ್ನಾಯು, ಹಾಗಾಗಿ ಅದೂ ನಿಧಾನವಾಗುತ್ತದೆ. ಮಲ ದೊಡ್ಡ ಕರುಳಿನಲ್ಲಿ ಹೆಚ್ಚು ಹೊತ್ತು ಉಳಿದಷ್ಟೂ ಅದರ ನೀರನ್ನು ಕರುಳು ಹೀರಿಕೊಂಡು ಅದು ಗಟ್ಟಿಯಾಗುತ್ತದೆ. ಮುಟ್ಟು ಹತ್ತಿರವಾದಾಗ ಪ್ರೊಜೆಸ್ಟರಾನ್ ಇಳಿಯುತ್ತದೆ, ಗರ್ಭಕೋಶ ಹಿಂಡಲು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ. ಅದು ಪಕ್ಕದ ಕರುಳನ್ನೂ ಚುರುಕುಗೊಳಿಸುವುದರಿಂದ ಮೊದಲ ದಿನ ಸಡಿಲವಾಗುತ್ತದೆ.

ಇದು ಗೊತ್ತಾದ ಮೇಲೆ ನಾನು ಬದಲಿಸಿದ್ದು ಮುಖ್ಯವಾಗಿ ಸಮಯವನ್ನು. ಕಟ್ಟಿದ ಮೇಲೆ ಔಷಧಿ ಹುಡುಕುವುದಕ್ಕಿಂತ, ಮುಟ್ಟಿಗೆ ಸುಮಾರು ಹತ್ತು ದಿನ ಇರುವಾಗಲೇ ಊಟ ತಿದ್ದಿಕೊಳ್ಳುತ್ತೇನೆ. ರಾತ್ರಿ ಎಂಟು ಹತ್ತು ಒಣದ್ರಾಕ್ಷಿ ನೆನೆಹಾಕಿ, ಬೆಳಿಗ್ಗೆ ಆ ನೀರಿನ ಸಮೇತ ತಿನ್ನುತ್ತೇನೆ. ಮಧ್ಯಾಹ್ನ ಅನ್ನ ಒಂದು ಸೌಟು ಕಡಿಮೆ, ಪಲ್ಯ ಒಂದು ಸೌಟು ಹೆಚ್ಚು. ಹೆಸರುಕಾಳು, ಸೊಪ್ಪು ಹಾಕಿದ ಬಸ್ಸಾರು ಮಾಡಿದರೆ ಕಾಳು, ಸೊಪ್ಪು ಎರಡೂ ಸಿಗುತ್ತವೆ. ಸಂಜೆ ಪರಂಗಿ ಅಥವಾ ಬೀಜದ ಸಮೇತ ಸೀಬೆಹಣ್ಣು. ಪರಂಗಿ ಉಷ್ಣ, ಬೇಗ ಮುಟ್ಟಾಗಿಬಿಡುತ್ತೀ ಎಂದು ಅಮ್ಮ ಈಗಲೂ ಅನ್ನುತ್ತಾರೆ. ಹಣ್ಣಾದ ಪರಂಗಿ ಒಂದು ಬಟ್ಟಲು ತಿಂದು ನನ್ನ ದಿನ ಹಿಂದೆ ಮುಂದೆ ಆಗಿದ್ದಿಲ್ಲ.

ಕಷ್ಟ ಇರುವುದು ಆ ವಾರದ ಬಾಯಿಚಪಲದಲ್ಲಿ. ಖಾರಾ ಬನ್ನು, ಪಫ್, ಬಿಸ್ಕತ್ತು ಅಂತ ಮನಸ್ಸು ಓಡುತ್ತದೆ. ಎಲ್ಲವೂ ಮೈದಾ, ನಾರು ಇಲ್ಲವೇ ಇಲ್ಲ ಎನ್ನಬಹುದು. ಪೂರ್ತಿ ಬಿಡಲು ನನಗಾಗಿಲ್ಲ. ಊಟದ ಬದಲಿಗೆ ತಿನ್ನುವುದನ್ನಷ್ಟೇ ನಿಲ್ಲಿಸಿದ್ದೇನೆ.

ನಾರು ಹೆಚ್ಚಿಸುವವರು ನೀರನ್ನು ಮರೆತರೆ ಉಬ್ಬರ ಇನ್ನೂ ಜಾಸ್ತಿಯಾಗುತ್ತದೆ. ಆಫೀಸಿನಲ್ಲಿ ಬಾತ್‌ರೂಮು ಸರಿಯಿಲ್ಲ ಎಂದು ನೀರೇ ಕುಡಿಯದ ಗೆಳತಿಯರು ನನಗೆ ಎಷ್ಟೋ ಜನ ಇದ್ದಾರೆ. ಅಂಥವರು ಮನೆಯಿಂದ ಹೊರಡುವ ಮುಂಚೆ ಎರಡು ಲೋಟ, ಬಂದ ಕೂಡಲೇ ಎರಡು ಲೋಟ ಕುಡಿದರೂ ವ್ಯತ್ಯಾಸ ಕಾಣುತ್ತದೆ. ನಾರನ್ನೂ ಒಂದೇ ದಿನಕ್ಕೆ ದುಪ್ಪಟ್ಟು ಮಾಡಬಾರದು, ಗ್ಯಾಸ್ ಆಗುತ್ತದೆ.

ಬೆಳಗಿನ ಕ್ರಮವೂ ಸ್ವಲ್ಪ ಬದಲಾಯಿತು. ತಿಂಡಿ ತಿಂದ ಮೇಲೆ ಅರ್ಧ ಗಂಟೆಯೊಳಗೆ ಕರುಳು ತಾನಾಗಿ ಕದಲುತ್ತದೆ. ಅದೇ ಹೊತ್ತಿಗೆ ಡಬ್ಬಿ ಕಟ್ಟುವುದು, ಬಸ್ಸಿಗೆ ಓಡುವುದು ಇದ್ದರೆ ಆ ಕರೆ ತಪ್ಪಿಹೋಗುತ್ತದೆ. ಆ ವಾರ ತಿಂಡಿಯನ್ನು ಇಪ್ಪತ್ತು ನಿಮಿಷ ಮುಂಚೆ ಮುಗಿಸುತ್ತೇನೆ. ವೆಸ್ಟರ್ನ್ ಕಮೋಡ್ ಆದ್ದರಿಂದ ಕಾಲಡಿ ಒಂದು ಗಿಡ್ಡ ಸ್ಟೂಲು ಇಟ್ಟಿದ್ದೇನೆ, ಕುಕ್ಕರುಗಾಲಲ್ಲಿ ಕೂತಂತೆ ಆಗಿ ತಿಣುಕುವುದು ಕಡಿಮೆಯಾಗುತ್ತದೆ. ಹತ್ತು ನಿಮಿಷಕ್ಕೂ ಆಗಲಿಲ್ಲವೆಂದರೆ ಎದ್ದುಬಿಡುವುದು. ಮೊಬೈಲ್ ಹಿಡಿದು ಕೂರುವುದು ಮೂಲವ್ಯಾಧಿಗೆ ದಾರಿ. ರಾತ್ರಿ ಊಟವಾದ ಮೇಲೆ ಬೀದಿಯ ತುದಿಯವರೆಗೆ ನಡೆದು ಬರುತ್ತೇನೆ.

ಇಷ್ಟಕ್ಕೂ ಬಗ್ಗದಿದ್ದರೆ ಸಂಜೆ, ಮಲಗಲು ಒಂದೆರಡು ಗಂಟೆ ಇರುವಾಗಲೇ, ಒಂದು ಚಮಚ ಇಸಬಗೋಲನ್ನು ದೊಡ್ಡ ಲೋಟ ನೀರಿಗೆ ಹಾಕಿ, ಗಟ್ಟಿಯಾಗುವ ಮುನ್ನ ಕುಡಿದು, ಮೇಲೆ ಇನ್ನೊಂದು ಲೋಟ ನೀರು. ಒಣಗಿದ್ದನ್ನು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಥೈರಾಯ್ಡ್ ಮಾತ್ರೆ ಮುಂತಾದವುಗಳಿಗೂ ಇದಕ್ಕೂ ಕೆಲವು ಗಂಟೆಗಳ ಅಂತರ ಬೇಕು. ಸೋನಾಮುಖಿ ಸೇರಿದ ಚೂರ್ಣಗಳನ್ನು ಪ್ರತಿ ತಿಂಗಳೂ ತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ, ಹೊಟ್ಟೆ ಕಿವುಚಿ ನೋಯಿಸುತ್ತವೆ. ಮುಟ್ಟಾದ ದಿನ ಇಸಬಗೋಲ್, ಒಣದ್ರಾಕ್ಷಿ ಎರಡನ್ನೂ ನಿಲ್ಲಿಸಿ ಮೊಸರನ್ನಕ್ಕೆ ಬರುತ್ತೇನೆ.

ತಿಂಗಳು ಪೂರ್ತಿ ಕಟ್ಟಿಕೊಂಡೇ ಇದ್ದರೆ ಅದು ಈ ಲೆಕ್ಕಕ್ಕೆ ಸೇರುವುದಿಲ್ಲ, ಥೈರಾಯ್ಡ್ ಪರೀಕ್ಷೆ ಮಾಡಿಸಬೇಕಾಗಬಹುದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಮುಟ್ಟಿನ ದಿನಗಳಲ್ಲಿ ಮಲ ವಿಸರ್ಜಿಸುವಾಗ ಇರಿದಂತೆ ನೋವು ಇದ್ದರೆ ವೈದ್ಯರಿಗೆ ತೋರಿಸಲೇಬೇಕು. ಕೊನೆಯದು ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದೇ ಅದರ ಹೊರಗೂ ಬೆಳೆಯುವ ಕಾಯಿಲೆ, ಇರುವವರಲ್ಲಿ ಕಾಣಿಸುವಂಥದ್ದು. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗುವವರು ಅದನ್ನೂ ಹೇಳಬೇಕು. ಆ ಮಾತ್ರೆಯೇ ಹೊಟ್ಟೆ ಕಟ್ಟಿಸುವುದುಂಟು. ನನಗೆ ವೈದ್ಯರು ಅದನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳಲು ಹೇಳಿದ ಮೇಲೆ ಕ್ಯಾಲೆಂಡರಿನ ಚುಕ್ಕಿಗಳು ಇನ್ನಷ್ಟು ಕಡಿಮೆಯಾದವು.