ಉದ್ಯೋಗ ಜಾಹೀರಾತು ಹೊರಡಿಸುವ ಮುನ್ನ ಒಂದು ಪರಿಶೀಲನೆ

ಬೆಳಗಾವಿಯ ಉದ್ಯಮಬಾಗದಲ್ಲಿ ಮಷಿನ್ ಶಾಪ್ ನಡೆಸುವವರೊಬ್ಬರು ಸ್ಟೋರ್ ಕೆಲಸಕ್ಕೆ ಹೀಗೆ ಬರೆದಿದ್ದಾರೆಂದು ಭಾವಿಸೋಣ: “25 ವರ್ಷದೊಳಗಿನ ಚುರುಕಾದ ಹುಡುಗ ಬೇಕಾಗಿದ್ದಾನೆ. ಪದವಿ, ನಿರರ್ಗಳ ಇಂಗ್ಲಿಷ್, ಸ್ವಂತ ಬೈಕ್ ಕಡ್ಡಾಯ.”

ಇಂಥ ಕರಡಿನ ಪ್ರತಿಯೊಂದು ಅರ್ಹತೆಯ ಪಕ್ಕದಲ್ಲಿ, ಅದು ದಿನದ ಯಾವ ಕೆಲಸಕ್ಕೆ ಬೇಕು ಎಂಬುದನ್ನು ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಆ ಅರ್ಹತೆಯನ್ನು ಕೈಬಿಡಿ. ಚಲನ್ ಓದಿ, ಬಂದ ಮಾಲನ್ನು ಎಣಿಸಿ, ಕಂಪ್ಯೂಟರಿನಲ್ಲಿ ದಾಖಲಿಸುವುದಕ್ಕೆ ಪದವಿ ಬೇಕಿಲ್ಲ, ನಿರರ್ಗಳ ಇಂಗ್ಲಿಷ್ ಮಾತು ಅದಕ್ಕಿಂತಲೂ ಬೇಕಿಲ್ಲ; ಬಿಡಿಭಾಗಗಳ ಇಂಗ್ಲಿಷ್ ಹೆಸರು ಓದಲು ಬಂದರೆ ಸಾಕು. ಬೈಕ್ ಅಪರೂಪಕ್ಕೆ ಬ್ಯಾಂಕಿಗೆ ಹೋಗಲು ಮಾತ್ರವಾದರೆ ಆಟೋ ಖರ್ಚು ಕೊಡುವುದೇ ಅಗ್ಗ. ದಿನವೂ ಗ್ರಾಹಕರಿಗೆ ಮಾಲು ಮುಟ್ಟಿಸುವ ಕೆಲಸವಿದ್ದರೆ ಮಾತ್ರ ಚಾಲನಾ ಪರವಾನಗಿ ಕೇಳುವುದು ನ್ಯಾಯ.

“ಹುಡುಗ” ಎಂಬುದನ್ನು ತೆಗೆದು “ಅಭ್ಯರ್ಥಿ” ಎಂದು ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಕನ್ನಡದಲ್ಲಿ ಲಿಂಗವು ಕ್ರಿಯಾಪದದಲ್ಲಿಯೂ ಅದರಿಂದಾದ ನಾಮಪದದಲ್ಲಿಯೂ ಅಡಗಿರುತ್ತದೆ: “ಬೇಕಾಗಿದ್ದಾನೆ”, “ಬಲ್ಲವನು” ಎಂಬವು “ಬೇಕಾಗಿದ್ದಾರೆ”, “ಬಲ್ಲವರು” ಆಗಬೇಕು. ನೇಮಕಾತಿಯಲ್ಲಿ ಲಿಂಗ ತಾರತಮ್ಯವನ್ನು 1976ರ ಸಮಾನ ವೇತನ ಕಾಯ್ದೆಯೇ ನಿಷೇಧಿಸಿತ್ತು. 2019ರ ವೇತನ ಸಂಹಿತೆಯಲ್ಲಿಯೂ ಆ ನಿಷೇಧವಿದೆ.

“ಚುರುಕು”, “25ರೊಳಗೆ” ಎಂಬವುಗಳ ಹಿಂದೆ ಸಾಮಾನ್ಯವಾಗಿ ಭಾರ ಎತ್ತುವ ಯೋಚನೆಯಿರುತ್ತದೆ. ಹಾಗಿದ್ದರೆ ಅದನ್ನೇ ನೇರವಾಗಿ ಬರೆಯಿರಿ: “20 ಕಿಲೋ ತೂಕದ ಪೆಟ್ಟಿಗೆಗಳನ್ನು ಟ್ರಾಲಿಯಲ್ಲಿ ಸಾಗಿಸಬೇಕಾಗುತ್ತದೆ.” ಜೊತೆಗೆ ಪಾಳಿಯ ಸಮಯವನ್ನೂ ಸಂಬಳವನ್ನೂ ನಮೂದಿಸಿದರೆ, ತಮಗೆ ಒಗ್ಗುವುದೋ ಇಲ್ಲವೋ ಎಂಬುದನ್ನು ಓದುವವರೇ ನಿರ್ಧರಿಸಿಕೊಳ್ಳುತ್ತಾರೆ.