ರಾತ್ರಿ ಮಗು ಚೀರಿದಾಗ ಮೊದಲು ಗಡಿಯಾರ ನೋಡಿ

ಬಾಗಲಕೋಟೆಯ ನವನಗರದ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಾಲ್ಕೂವರೆ ವರ್ಷದ ಹುಡುಗಿ ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಿದ್ದಾಳೆ. ಎರಡು ವಾರ ಕಳೆಯುವಷ್ಟರಲ್ಲಿ, ಮಲಗಿ ಒಂದೂವರೆ ಗಂಟೆಯಾಗುತ್ತಿದ್ದಂತೆ ಎದ್ದು ಕುಳಿತು ಕಿಟಾರನೆ ಚೀರತೊಡಗಿದ್ದಾಳೆ. ಕಣ್ಣು ತೆರೆದಿರುತ್ತದೆ, ಮೈ ಬೆವರಿರುತ್ತದೆ, ಎದೆ ಡವಗುಟ್ಟುತ್ತಿರುತ್ತದೆ; ತಾಯಿ ಎತ್ತಿಕೊಳ್ಳಲು ಹೋದರೆ ಗುರುತೇ ಇಲ್ಲದವಳಂತೆ ದೂಡುತ್ತಾಳೆ. "ಕೂಸು ಏನೋ ನೋಡಿ ಅಂಜೇತಿ" ಎಂದು ಆಯಿ ದೃಷ್ಟಿ ತೆಗೆಯುತ್ತಾರೆ. ಬೆಳಿಗ್ಗೆ ಕೇಳಿದರೆ ಹುಡುಗಿಗೆ ಏನೂ ನೆನಪಿಲ್ಲ.

ಈ ಕೊನೆಯ ಸಂಗತಿಯೇ ಮುಖ್ಯವಾದ ಸುಳಿವು. ಮಕ್ಕಳು ರಾತ್ರಿ ಹೆದರಿ ಏಳುವುದರಲ್ಲಿ ಎರಡು ಬಗೆಗಳಿವೆ. ಒಂದಕ್ಕೆ ಮಾಡಬೇಕಾದ ಉಪಾಯ ಇನ್ನೊಂದಕ್ಕೆ ಹೊಂದುವುದಿಲ್ಲ. ಆದ್ದರಿಂದ ಯಾವುದು ಯಾವುದೆಂದು ತಿಳಿಯುವುದು ಮೊದಲ ಹೆಜ್ಜೆ, ಮತ್ತು ಅದಕ್ಕೆ ಗಡಿಯಾರವೊಂದಿದ್ದರೆ ಬಹುಮಟ್ಟಿಗೆ ಸಾಕು.

ರಾತ್ರಿಯ ಮೊದಲ ಭಾಗದಲ್ಲಿ, ಅಂದರೆ ಮಲಗಿದ ಒಂದರಿಂದ ಮೂರು ಗಂಟೆಗಳ ಒಳಗೆ, ಮಗುವಿನ ನಿದ್ದೆ ಅತ್ಯಂತ ಗಾಢವಾಗಿರುತ್ತದೆ. ಆ ಗಾಢ ನಿದ್ದೆಯಿಂದ ಹಗುರ ನಿದ್ದೆಗೆ ಜಾರುವಾಗ ಮಿದುಳು ಕೆಲವೊಮ್ಮೆ ಅರ್ಧ ಮಾತ್ರ ಎಚ್ಚರಗೊಳ್ಳುತ್ತದೆ: ದೇಹ ಎದ್ದಿರುತ್ತದೆ, ಅರಿವು ಮಲಗಿರುತ್ತದೆ. ಇದು ನಿದ್ರಾಭೀತಿ. ಕೆಟ್ಟ ಕನಸು ಹಾಗಲ್ಲ. ಅದು ಹೆಚ್ಚಾಗಿ ಬೀಳುವುದು ಕನಸಿನ ನಿದ್ದೆ ಅಧಿಕವಾಗಿರುವ ಬೆಳಗಿನ ಜಾವದಲ್ಲಿ. ಆಗ ಮಗು ಪೂರ್ತಿ ಎಚ್ಚರವಾಗುತ್ತದೆ, ನಿಮ್ಮನ್ನು ಗುರುತಿಸುತ್ತದೆ, ಬಂದು ಅಪ್ಪಿಕೊಳ್ಳುತ್ತದೆ, "ನಾಯಿ ಬೆನ್ನ ಹತ್ತಿತ್ತು" ಎಂದು ಕನಸನ್ನೂ ಹೇಳುತ್ತದೆ. ಮತ್ತೆ ಮಲಗಲು ಅಂಜುತ್ತದೆ. ನಿದ್ರಾಭೀತಿಯ ಮಗುವಾದರೋ ಏನೂ ನಡೆದೇ ಇಲ್ಲವೆಂಬಂತೆ ಮಲಗಿಬಿಡುತ್ತದೆ. ನಿದ್ದೆ ಕೆಡುವುದು ಮನೆಯವರದು.

ನವನಗರದ ಹುಡುಗಿಯದು ನಿದ್ರಾಭೀತಿ. ಆ ಹೊತ್ತಿನಲ್ಲಿ ಮಾಡಬೇಕಾದದ್ದು ಬಹಳ ಕಡಿಮೆ, ಮತ್ತು ಹೆತ್ತವರಿಗೆ ಕಷ್ಟವಾಗುವುದೂ ಅದೇ. ಅಲುಗಾಡಿಸಿ ಎಬ್ಬಿಸಬಾರದು, ಮುಖಕ್ಕೆ ನೀರು ಚಿಮುಕಿಸಬಾರದು, ದೀಪಗಳನ್ನೆಲ್ಲ ಹಚ್ಚಿ ನಾಲ್ಕು ಜನ ಸುತ್ತ ನಿಂತು ಹೆಸರು ಹಿಡಿದು ಕೂಗಬಾರದು. ಅರೆ ಎಚ್ಚರದ ಮಿದುಳಿಗೆ ಇದೆಲ್ಲ ಇನ್ನಷ್ಟು ಗಲಿಬಿಲಿಯಾಗಿ, ಚೀರಾಟ ಲಂಬಿಸುತ್ತದೆ. ಒಬ್ಬರು ಮಾತ್ರ ಹತ್ತಿರ ಕುಳಿತು, ಮಗು ಹೊರಸಿನಿಂದ ಬೀಳದಂತೆ, ಗೋಡೆಗೆ ತಲೆ ಬಡಿದುಕೊಳ್ಳದಂತೆ ಕೈ ಅಡ್ಡ ಹಿಡಿದರೆ ಸಾಕು. ಅಪ್ಪಿಕೊಳ್ಳಲು ಹೋದಾಗ ಕೊಸರಾಡಿದರೆ ಬಿಟ್ಟುಬಿಡಿ. ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ, ಮೈ ಸಡಿಲವಾಗುತ್ತದೆ. ಆಗ ಮಲಗಿಸಿ ಕೌದಿ ಹೊದಿಸಿ. ಬೆಳಿಗ್ಗೆ ಮಗುವಿನ ಎದುರು ಅದನ್ನು ಕಥೆ ಮಾಡಿ ಹೇಳಬೇಡಿ. ನೆನಪೇ ಇಲ್ಲದ ಸಂಗತಿಯನ್ನು ಹಿರಿಯರ ಬಾಯಿಂದ ಕೇಳಿದ ಮಗು ಮಲಗಲು ಹೆದರತೊಡಗುತ್ತದೆ, ಇಲ್ಲದ ಭಯವೊಂದು ಹೀಗೆ ಹುಟ್ಟಿಕೊಳ್ಳುತ್ತದೆ. ಆಯಿ ದೃಷ್ಟಿ ತೆಗೆದರೆ ಜಗಳವೇನೂ ಬೇಡ, ಆದರೆ ಮಗುವನ್ನು ಎಬ್ಬಿಸಿ ಕೂರಿಸಿಕೊಂಡು ತೆಗೆಯುವುದು ಬೇಡ.

ನಮ್ಮ ಕಡೆಗೆ ವಿಶೇಷವಾಗಿ ಸಲ್ಲುವ ಒಂದು ಎಚ್ಚರಿಕೆಯಿದೆ. ಬೇಸಿಗೆಯಲ್ಲಿ ವಿಜಯಪುರ, ಬಾಗಲಕೋಟೆಯ ಮನೆಗಳಲ್ಲಿ ಮಾಳಿಗೆಯ ಮೇಲೆ ಮಲಗುವ ರೂಢಿ ಇನ್ನೂ ಇದೆ. ನಿದ್ರಾಭೀತಿಯಿರುವ ಮಗು ಎದ್ದು ಓಡಬಹುದು, ಕೆಲವು ಮಕ್ಕಳು ನಿದ್ದೆಯಲ್ಲಿ ನಡೆಯುವುದೂ ಉಂಟು. ಕಟ್ಟೆಗೋಡೆ ಗಿಡ್ಡಾಗಿದ್ದರೆ, ಮೆಟ್ಟಿಲಿಗೆ ಬಾಗಿಲು ಇಲ್ಲದಿದ್ದರೆ, ಆ ಮಗುವನ್ನು ಸೆಖೆಯಾದರೂ ಕೆಳಗೆ ಪಡಸಾಲೆಯಲ್ಲೇ ಮಲಗಿಸಬೇಕು.

ಇನ್ನು ಕಾರಣಕ್ಕೆ ಬರೋಣ. ಒಂದು ವಾರ ಚೀಟಿಯಲ್ಲಿ ಮೂರು ಹೊತ್ತುಗಳನ್ನು ಬರೆದಿಡಿ: ನಿದ್ದೆ ಹತ್ತಿದ್ದು, ಚೀರಿದ್ದು, ಬೆಳಿಗ್ಗೆ ಎದ್ದದ್ದು. ನಮ್ಮ ಹುಡುಗಿಯ ಚೀಟಿ ಹೀಗಿದೆ ಎಂದುಕೊಳ್ಳಿ: ನಿದ್ದೆ ಹತ್ತುವುದು ಒಂಬತ್ತೂವರೆಗೆ, ಚೀರುವುದು 10.50 ಮತ್ತು 11.05ರ ನಡುವೆ, ಏಳುವುದು ಆರೂವರೆಗೆ. ರವಿವಾರ ಮಾತ್ರ ಚೀರಿಲ್ಲ. ಮೂರರಿಂದ ಐದು ವರ್ಷದ ಮಗುವಿಗೆ ಹಗಲಿನದೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಮೇ ತಿಂಗಳಿನವರೆಗೆ ಮಧ್ಯಾಹ್ನ ಮಲಗುತ್ತಿದ್ದ ಈಕೆಗೆ ಶಾಲೆ ಶುರುವಾದ ಮೇಲೆ ಸಿಗುತ್ತಿರುವುದು ಒಂಬತ್ತೇ ಗಂಟೆ. ರವಿವಾರ ಮಧ್ಯಾಹ್ನ ಮಲಗಿದ್ದಳು, ಅಂದು ರಾತ್ರಿ ಶಾಂತವಾಗಿ ಕಳೆಯಿತು. ನಿದ್ದೆ ಸಾಲದ ಮಗುವಿನ ಗಾಢ ನಿದ್ದೆ ಇನ್ನೂ ಗಾಢವಾಗುತ್ತದೆ, ಅದರಿಂದ ಹೊರಬರುವಾಗ ಎಡವುವುದೂ ಹೆಚ್ಚು. ಜ್ವರ, ತುಂಬಿದ ಮೂತ್ರಚೀಲ, ಜಾತ್ರೆ ಮದುವೆಗಳಲ್ಲಿ ಹೊಸ ಜಾಗದ ಮಲಗುವಿಕೆ ಇವೂ ಕೆರಳಿಸುತ್ತವೆ. ಕೆಲವು ಮನೆತನಗಳಲ್ಲಿ ಇದು ವಂಶದಲ್ಲೇ ಇರುತ್ತದೆ. ತಂದೆ ಚಿಕ್ಕಂದಿನಲ್ಲಿ ಹೀಗೆ ಏಳುತ್ತಿದ್ದನೇ ಎಂದು ಆಯಿಯನ್ನೇ ಕೇಳಿ ನೋಡಿ.

ಹಾಗಾಗಿ ಮೊದಲು ಮಲಗುವ ಹೊತ್ತನ್ನು ಹಿಂದೆ ಸರಿಸಬೇಕು. ಎರಡು ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷದಂತೆ ಸರಿಸುತ್ತ ಎಂಟೂವರೆಗೆ ತನ್ನಿ. ಇದಕ್ಕೆ ಮನೆಯ ಊಟವೂ ಟಿವಿಯೂ ಬೇಗ ಮುಗಿಯಬೇಕಾಗುತ್ತದೆ. ನಿಜ ಹೇಳಬೇಕೆಂದರೆ ಅನೇಕ ಮನೆಗಳಲ್ಲಿ ಪ್ರಯತ್ನ ಸೋಲುವುದು ಇಲ್ಲಿಯೇ. ಮಲಗುವ ಮುನ್ನ ಮೂತ್ರಕ್ಕೆ ಕರೆದೊಯ್ಯಿರಿ.

ಇಷ್ಟಾದರೂ ಹೆಚ್ಚುಕಡಿಮೆ ಪ್ರತಿ ರಾತ್ರಿಯೂ ಒಂದೇ ಹೊತ್ತಿಗೆ ಚೀರುವುದು ನಿಲ್ಲದಿದ್ದರೆ, ಮುಂಚಿತವಾಗಿ ಎಬ್ಬಿಸುವ ಉಪಾಯವಿದೆ. ಇಲ್ಲಿ ಲೆಕ್ಕ ತಪ್ಪಬಾರದು. ಈಗ ಆಕೆ ಎಂಟೂವರೆಗೆ ಮಲಗುವುದರಿಂದ ಚೀರುವ ಹೊತ್ತು ಹನ್ನೊಂದರಿಂದ ಹತ್ತರ ಆಸುಪಾಸಿಗೆ ಸರಿದಿರುತ್ತದೆ. ಹೊಸದಾಗಿ ಚೀಟಿ ಬರೆದು ಖಚಿತಪಡಿಸಿಕೊಳ್ಳಿ. ಅದಕ್ಕೆ ಹದಿನೈದರಿಂದ ಮೂವತ್ತು ನಿಮಿಷ ಮೊದಲು, ಅಂದರೆ ಸುಮಾರು 9.35ಕ್ಕೆ, ಬೆನ್ನು ಸವರಿ ಮೆಲ್ಲಗೆ ಹೆಸರು ಕರೆಯಿರಿ. ಹೂಂಗುಟ್ಟಿ ಕಣ್ಣು ತೆರೆದು ಮಗ್ಗಲು ಬದಲಿಸಿದರೆ ಸಾಕು, ಮತ್ತೆ ಮಲಗಲು ಬಿಡಿ. ಎಬ್ಬಿಸುವುದರಿಂದಲೇ ಚೀರಾಟ ಶುರುವಾದರೆ ನೀವು ತಡಮಾಡಿದ್ದೀರಿ ಎಂದರ್ಥ. ಮರುದಿನ ಇನ್ನೂ ಹತ್ತು ನಿಮಿಷ ಮೊದಲೇ ಎಬ್ಬಿಸಿ. ಎರಡರಿಂದ ನಾಲ್ಕು ವಾರ ಒಂದು ರಾತ್ರಿಯೂ ತಪ್ಪಿಸದೆ ನಡೆಸಿ ನಿಲ್ಲಿಸಿ ನೋಡಿ. ತಿಂಗಳಿಗೊಮ್ಮೆಯೋ, ಹೊತ್ತುಗೊತ್ತಿಲ್ಲದೆಯೋ ಚೀರುವ ಮಗುವಿಗೆ ಈ ಉಪಾಯ ನಡೆಯುವುದಿಲ್ಲ.

ಕೆಟ್ಟ ಕನಸು ಕಂಡ ಮಗುವಿಗೆ ಬೇಕಾದದ್ದು ನಿಮ್ಮ ಮೈಯ ಬಿಸುಪು. ಅಪ್ಪಿಕೊಂಡು "ಕನಸು ಬಿದ್ದಿತ್ತವ್ವಾ, ಮುಗೀತು, ನಾ ಇಲ್ಲೇ ಅದೀನಿ" ಎಂದು ಎರಡು ಮಾತು ಹೇಳಿ, ಅದರದೇ ಹಾಸಿಗೆಯಲ್ಲಿ ಮಲಗಿಸಿ. ಕೋಲು ಹಿಡಿದು ಮಂಚದ ಕೆಳಗೆ ದೆವ್ವ ಹುಡುಕುವ ಆಟ ಬೇಡ. ಹುಡುಕಿದಿರೆಂದರೆ, ಇರಲೂಬಹುದು ಎಂದು ನೀವೇ ಒಪ್ಪಿದಂತಾಯಿತು. ಕನಸಿನ ವಿಚಾರಣೆ ಹಗಲಿಗಿರಲಿ. ಅದೇ ಕನಸು ಮತ್ತೆ ಮತ್ತೆ ಬೀಳುತ್ತಿದ್ದರೆ ಮಗು ಆ ನಾಯಿಯ ಚಿತ್ರ ಬರೆಯಲಿ, ಮುಂದೇನಾಗಬೇಕೆಂದು ತಾನೇ ಹೇಳಲಿ. ನಾಯಿ ರೊಟ್ಟಿ ತಿಂದು ಬಾಲ ಅಲ್ಲಾಡಿಸಿತು ಎಂದು ಮಗುವೇ ಮುಗಿಸಿದ ಕಥೆಯನ್ನು ಕೆಲವು ದಿನ ಹಗಲಿನಲ್ಲೇ ಹೇಳಿಸಿ.

ಕತ್ತಲೆಯ ಅಂಜಿಕೆಗೆ ನೆಲದ ಹತ್ತಿರ ಉರಿಯುವ ಹಳದಿ ಝೀರೋ ಬಲ್ಬ್ ಸಾಕು, ಕರೆಂಟ್ ಹೋದಾಗ ಕೈಗೆ ಸಿಗುವಂತೆ ಸಣ್ಣ ಟಾರ್ಚ್ ಇಡಿ. "ಗುಮ್ಮ ಬರ್ತಾನ" ಎಂದು ಉಣಿಸುವ ಪದ್ಧತಿ ಮನೆಯಲ್ಲಿರುವವರೆಗೆ ಯಾವ ಬಲ್ಬೂ ಕೆಲಸ ಮಾಡದು.

ಮಗು ಗೊರಕೆ ಹೊಡೆಯುತ್ತಿದ್ದರೆ, ಉಸಿರು ನಡುನಡುವೆ ನಿಲ್ಲುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಟಾನ್ಸಿಲ್ ಊದಿ ಉಸಿರಾಟಕ್ಕೆ ಅಡ್ಡಿಯಾದಾಗಲೂ ಇಂಥ ಎಚ್ಚರಗಳು ಬರುತ್ತವೆ. ಒಂದೇ ರಾತ್ರಿಯಲ್ಲಿ ಹಲವು ಬಾರಿ, ಪ್ರತಿ ಸಲವೂ ಅಚ್ಚೊತ್ತಿದಂತೆ ಒಂದೇ ರೀತಿಯಲ್ಲಿ ನಡೆದರೆ, ಕೈಕಾಲು ಸೆಟೆದರೆ ಅಥವಾ ಅದುರಿದರೆ, ಮೂರ್ಛೆರೋಗವೇ ಎಂದು ಪರೀಕ್ಷಿಸಬೇಕಾಗುತ್ತದೆ. ಬಾಯಿಮಾತಿನ ವರ್ಣನೆಗಿಂತ ಮೊಬೈಲ್‌ನಲ್ಲಿ ತೆಗೆದ ವಿಡಿಯೊ ವೈದ್ಯರಿಗೆ ಹೆಚ್ಚು ಉಪಯುಕ್ತ. ಮುಖವಷ್ಟೇ ಅಲ್ಲ, ಕೌದಿ ಸರಿಸಿ ಕೈಕಾಲೂ ಕಾಣುವಂತೆ ತೆಗೆಯಿರಿ, ಒಂದು ವಾರದ ಚೀಟಿಯನ್ನೂ ಜೊತೆಗೆ ಒಯ್ಯಿರಿ.