ವಯಸ್ಸಿನ ಲೆಕ್ಕ ತಪ್ಪಿದ್ದು ಎಲ್ಲಿ: DATEDIF ಜೊತೆ ನನ್ನ ಅನುಭವ

ಗುಂಪು ವಿಮೆಯ ಸದಸ್ಯರ ಪಟ್ಟಿಗಳನ್ನು ಸಿದ್ಧಪಡಿಸುವ ಕೆಲಸದಲ್ಲಿ ಎರಡು ದಿನಾಂಕಗಳ ನಡುವಿನ ಅಂತರವನ್ನು ಎಣಿಸುವ ಎಕ್ಸೆಲ್ ಫಂಕ್ಷನ್ DATEDIF ಅನ್ನು ನಾನು ಬಳಸುತ್ತೇನೆ ಎಂದಾಗ, ಇದೇ ಕೆಲಸ ಮಾಡುವ ಹಲವರು ಬೇಡವೆಂದರು. ಟೈಪ್ ಮಾಡುವಾಗ ಎಕ್ಸೆಲ್ ಸ್ವತಃ ಸೂಚಿಸದ, ಲೋಟಸ್ 1-2-3ರ ಹಳೆಯ ಕಡತಗಳಿಗೆ ಹೊಂದಿಕೆಯಾಗಲೆಂದು ಮಾತ್ರ ಉಳಿಸಿಕೊಂಡಿರುವ ಫಂಕ್ಷನ್ ಅದು. ಅದನ್ನು ನಂಬಿ ಹಣದ ಲೆಕ್ಕ ಮಾಡಬಾರದು ಎಂಬುದು ಅವರ ವಾದವಾಗಿತ್ತು. ಈಗ ಕೆಲವು ವರ್ಷಗಳಿಂದ ನನ್ನ ಪಟ್ಟಿಗಳಲ್ಲಿ ವಯಸ್ಸಿನ ಬಗ್ಗೆ ಒಂದು ತಕರಾರೂ ಬಂದಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಆ ಫಂಕ್ಷನ್ನಿನ ಒಂದು ಭಾಗ ನಿಜವಾಗಿಯೂ ಕೆಟ್ಟಿದೆ, ಆದರೆ ವರ್ಷಗಳನ್ನು ಎಣಿಸುವ ಭಾಗ ಕೆಟ್ಟಿಲ್ಲ.

ಸುಮಾರು ನಾಲ್ಕು ಸಾವಿರ ಸಾಲುಗಳ ಒಂದು ಪಟ್ಟಿ ನನ್ನ ಕೈಗೆ ಬಂದಾಗ ಅದರಲ್ಲಿ ಮೊದಲೇ ಒಂದು ಸೂತ್ರವಿತ್ತು: ಎರಡು ದಿನಾಂಕಗಳ ವ್ಯತ್ಯಾಸವನ್ನು 365ರಿಂದ ಭಾಗಿಸಿ INT ಹಾಕಿದ್ದು. ಗಡುವಿನ ದಿನಾಂಕ 31-03-2025. ಆ ದಿನಕ್ಕೆ ಅರವತ್ತು ತುಂಬಿದವರ ಕಂತು ಹೆಚ್ಚು. 05-04-1965ರಂದು ಹುಟ್ಟಿದ ಒಬ್ಬರಿಗೆ ಗಡುವಿನ ದಿನ ಅರವತ್ತು ತುಂಬಲು ಇನ್ನೂ ಐದು ದಿನ ಬಾಕಿ ಇತ್ತು, ಆದರೂ ಸೂತ್ರ 60 ಎಂದಿತು. ಕಾರಣ ಸರಳ. 1968ರಿಂದ 2024ರವರೆಗೆ ಹದಿನೈದು ಅಧಿಕ ದಿನಗಳು ಸೇರಿಕೊಂಡು ಒಟ್ಟು 21910 ದಿನಗಳಾಗುತ್ತವೆ, 365ರ ಅರವತ್ತು ಪಟ್ಟು 21900. ಅಂದರೆ ಅರವತ್ತರ ಅಂಚಿನಲ್ಲಿ ಈ ಸೂತ್ರ ಹದಿನೈದು ದಿನ ಮುಂಚೆಯೇ ವಯಸ್ಸು ಏರಿಸುತ್ತದೆ, ನಲವತ್ತರ ಅಂಚಿನಲ್ಲಿ ಹತ್ತು ದಿನ. ಆ ಪಟ್ಟಿಯಲ್ಲಿ ಹೀಗೆ ಒಂದು ವರ್ಷ ಹೆಚ್ಚು ತೋರಿಸಿದ ಸಾಲುಗಳು ನೂರಕ್ಕೂ ಮೇಲಿದ್ದವು. ಅವರಲ್ಲಿ ವಯೋಗುಂಪಿನ ಅಂಚಿನಲ್ಲಿದ್ದವರಿಂದ ಹೆಚ್ಚುವರಿ ಕಂತು ವಸೂಲಾಗಿಬಿಟ್ಟಿತ್ತು, ಅದನ್ನು ಮರಳಿಸಬೇಕಾಯಿತು. ಮರುಲೆಕ್ಕದ ಕೆಲಸಕ್ಕೆ ನನಗೆ ಪ್ರತ್ಯೇಕ ಸಂಭಾವನೆಯೇನೂ ಸಿಗಲಿಲ್ಲ.

365ರ ಬದಲು 365.25 ಹಾಕಿದರೆ ಸಾಕು ಎಂದು ಹೇಳುವವರಿದ್ದಾರೆ. ಅದು ತಪ್ಪನ್ನು ಕಡಿಮೆ ಮಾಡುತ್ತದೆಯೇ ಹೊರತು ಹೋಗಲಾಡಿಸುವುದಿಲ್ಲ, ಮತ್ತು ಉಳಿಯುವ ತಪ್ಪು ಹುಟ್ಟುಹಬ್ಬದ ದಿನವೇ ಬೀಳುತ್ತದೆ. 31-03-2004ರಂದು ಹುಟ್ಟಿದವರಿಗೆ ಅದೇ ಗಡುವಿನ ದಿನ ಇಪ್ಪತ್ತೊಂದು ತುಂಬುತ್ತದೆ. ನಡುವಿನ ದಿನಗಳು 7670, ಆದರೆ 365.25ರ ಇಪ್ಪತ್ತೊಂದು ಪಟ್ಟು 7670.25. ಆ ಕಾಲು ದಿನಕ್ಕಾಗಿ INT ಇಪ್ಪತ್ತಕ್ಕೆ ಇಳಿಸುತ್ತದೆ. YEARFRAC ಇದಕ್ಕಿಂತ ಉತ್ತಮವಿರಬಹುದೆಂದು ಕೊನೆಯ ಆರ್ಗ್ಯುಮೆಂಟಿಗೆ 1 ಕೊಟ್ಟು ನೋಡಿದೆ. ಅದು 2004ರಿಂದ 2025ರವರೆಗಿನ ಎಲ್ಲ ವರ್ಷಗಳ ಸರಾಸರಿ ಉದ್ದದಿಂದ ಭಾಗಿಸುವುದರಿಂದ 20.998ರ ಆಸುಪಾಸಿನಲ್ಲಿ ನಿಂತಿತು. ಇಲ್ಲಿಯೂ INT ಹಾಕಿದರೆ ಇಪ್ಪತ್ತೇ. ವಯಸ್ಸೆಂಬುದು ಭಾಗಾಕಾರದ ಲೆಕ್ಕವಲ್ಲ, ಹುಟ್ಟುಹಬ್ಬ ದಾಟಿತೇ ಇಲ್ಲವೇ ಎಂಬ ಲೆಕ್ಕ ಎಂಬುದು ಅಂದಿನಿಂದ ನನಗೆ ಖಚಿತವಾಯಿತು. ಹಣ ಕೊಟ್ಟು ತಂದ ಒಂದು ಆಡ್-ಇನ್ ಕೂಡ ಒಳಗೊಳಗೆ ಭಾಗಾಕಾರವನ್ನೇ ಮಾಡುತ್ತಿತ್ತು. ಆ ಹಣ ನಷ್ಟವೇ ಆಯಿತು.

ವರ್ಷಗಳಿಗೆ ನಾನು ಬಳಸುವುದು ಇಷ್ಟೇ, B2ರಲ್ಲಿ ಜನ್ಮದಿನಾಂಕ, H1ರಲ್ಲಿ ಗಡುವಿನ ದಿನಾಂಕ:

```
=DATEDIF(B2,$H$1,"Y")
```

TODAY() ಹಾಕುವುದಿಲ್ಲ, ಏಕೆಂದರೆ ನಾಳೆ ಕಡತ ತೆರೆದವರಿಗೆ ಬೇರೆ ವಯಸ್ಸು ಕಂಡರೆ ಯಾವುದು ಸರಿ ಎಂದು ತೋರಿಸಲಾಗದು. ಅನುಮಾನಪಟ್ಟವರಿಗಾಗಿ ಪಕ್ಕದಲ್ಲೇ ಒಂದು ತಾಳೆಯ ಕಾಲಮ್ ಇಟ್ಟೆ. ವರ್ಷವನ್ನು 10000ರಿಂದ, ತಿಂಗಳನ್ನು 100ರಿಂದ ಗುಣಿಸಿ ದಿನವನ್ನು ಕೂಡಿದರೆ ಪ್ರತಿ ದಿನಾಂಕವೂ ಒಂದು ಸಂಖ್ಯೆಯಾಗುತ್ತದೆ. ಗಡುವಿನ ಸಂಖ್ಯೆಯಿಂದ ಜನ್ಮದಿನದ ಸಂಖ್ಯೆಯನ್ನು ಕಳೆದು 10000ರಿಂದ ಭಾಗಿಸಿ INT ಹಾಕಿದರೆ ಪೂರ್ಣ ವರ್ಷಗಳು ದೊರೆಯುತ್ತವೆ. ಮೇಲಿನ ಇಬ್ಬರಿಗೆ 20250331 − 19650405 = 599926, 20250331 − 20040331 = 210000; ಹಾಗಾಗಿ 59 ಮತ್ತು 21. ನಾಲ್ಕು ಸಾವಿರ ಸಾಲುಗಳಲ್ಲಿ ಒಂದು ಸಾಲಿನಲ್ಲೂ DATEDIF ಇದರಿಂದ ಬೇರೆಯಾಗಲಿಲ್ಲ.

ಇನ್ನು ಕೆಟ್ಟಿರುವ ಭಾಗ. ಒಮ್ಮೆ ಮಕ್ಕಳ ಪಟ್ಟಿಗೆ 01-03-2025ಕ್ಕೆ ವರ್ಷ, ತಿಂಗಳು, ದಿನ ಮೂರೂ ಬೇಕಾಗಿದ್ದವು. 31-01-2019ರ ಮಗುವಿಗೆ "Y" 6 ಎಂದಿತು, "YM" 1 ಎಂದಿತು, "MD" −2 ಎಂದಿತು. ದಿನಗಳಿಗಾಗಿ ಅದು 1ರಿಂದ 31 ಕಳೆದು, ಹಿಂದಿನ ತಿಂಗಳಾದ ಫೆಬ್ರವರಿಯ 28 ದಿನಗಳನ್ನು ಕೂಡಿಸಿಬಿಡುತ್ತದೆ. ಋಣ ಸಂಖ್ಯೆ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಅದು ಅಷ್ಟೇನೂ ಅಪಾಯಕಾರಿಯಲ್ಲ. 29-01-2019ರ ಮಗುವಿಗೆ 0 ಬಂದಿತ್ತು. ಅದು ಸಹಜವಾಗಿ ಕಾಣುವುದರಿಂದ ಯಾರೂ ಗಮನಿಸುವುದಿಲ್ಲ. ಗಡುವಿನ ದಿನಾಂಕದಿಂದ ಅದೇ ತಿಂಗಳ ಒಂದನೇ ತಾರೀಖನ್ನು ಕಳೆಯಿರಿ ಎಂಬ ಪರಿಹಾರವನ್ನೂ ಪ್ರಯತ್ನಿಸಿದೆ. ಅದು ತಿಂಗಳು ಶುರುವಾದ ಮೇಲಿನ ದಿನಗಳನ್ನು ಎಣಿಸುತ್ತದೆಯೇ ವಿನಾ ವಯಸ್ಸಿನ ಉಳಿದ ದಿನಗಳನ್ನಲ್ಲ: ಜನವರಿ 10ರಿಂದ ಮಾರ್ಚ್ 15ಕ್ಕೆ 5 ಬರಬೇಕಾದಲ್ಲಿ 14 ಕೊಡುತ್ತದೆ. ಕೊನೆಗೆ ನಿಂತ ಸೂತ್ರ ಇದು:

```
=$H$1-EDATE(B2,DATEDIF(B2,$H$1,"M"))
```

ಉತ್ತರದ ಸೆಲ್ ದಿನಾಂಕದ ರೂಪದಲ್ಲಿದ್ದರೆ ಸಂಖ್ಯೆಯ ರೂಪಕ್ಕೆ ಬದಲಿಸಬೇಕು. ಮೇಲಿನ ಎರಡೂ ಮಕ್ಕಳ ಜನ್ಮದಿನದಿಂದ 73 ತಿಂಗಳು ಮುಂದೆ ಹೋದರೆ EDATE 28-02-2025ರಲ್ಲಿ ನಿಲ್ಲುತ್ತದೆ, ಉಳಿಯುವುದು 1 ದಿನ. ಈ ಸೂತ್ರದಲ್ಲಿ ಋಣ ಸಂಖ್ಯೆ ಎಂದಿಗೂ ಬರುವುದಿಲ್ಲ. ಫೆಬ್ರವರಿ 29ರಂದು ಹುಟ್ಟಿದವರಲ್ಲಿ ಮಾತ್ರ ಒಂದು ವಿಚಿತ್ರ ಉಳಿಯುತ್ತದೆ. 29-02-2004ರವರಿಗೆ 28-02-2022ರಂದು 17 ವರ್ಷ 11 ತಿಂಗಳು 30 ದಿನ, ಮರುದಿನ ನೇರವಾಗಿ 18 ವರ್ಷ 1 ದಿನ. ಅಧಿಕ ವರ್ಷವಲ್ಲದಾಗ DATEDIF ಅವರ ಹುಟ್ಟುಹಬ್ಬವನ್ನು ಮಾರ್ಚ್ 1 ಎಂದು ಎಣಿಸುತ್ತದೆ, EDATE ಫೆಬ್ರವರಿ 28 ಎನ್ನುತ್ತದೆ. ಯಾವುದನ್ನು ಒಪ್ಪಬೇಕೆಂಬುದನ್ನು ಆ ಯೋಜನೆಯ ನಿಯಮವೇ ನಿರ್ಧರಿಸಬೇಕು. ನಾನು ಪಟ್ಟಿ ಕೈಗೆತ್ತಿಕೊಳ್ಳುವ ಮೊದಲೇ ಅದನ್ನು ಬರಹದಲ್ಲಿ ಪಡೆಯುತ್ತೇನೆ.

ಸೂತ್ರ ಸರಿಯಾದ ಮೇಲೂ ತಪ್ಪು ವರ್ಷ ಬಂದರೆ ಜನ್ಮದಿನಾಂಕವನ್ನೇ ಶಂಕಿಸಬೇಕು. 125 ವರ್ಷ ಎಂದು ಬಂದರೆ ಆ ಸೆಲ್ ಖಾಲಿ, ಎಕ್ಸೆಲ್ ಅದನ್ನು ಸೊನ್ನೆ ಎಂದು ತೆಗೆದುಕೊಂಡು 1900ರಿಂದ ಎಣಿಸಿದೆ. #NUM! ಬಂದರೆ ಜನ್ಮದಿನ ಗಡುವಿನ ನಂತರದ್ದಾಗಿದೆ. ಹೆಚ್ಚಾಗಿ ಎರಡಂಕಿಯ ವರ್ಷದಿಂದ ಹೀಗಾಗುತ್ತದೆ, ಉದಾಹರಣೆಗೆ 28 ಎಂದು ಬರೆದದ್ದು 1928 ಆಗದೆ 2028 ಆಗಿರುತ್ತದೆ. ಈ ಕಾರಣಕ್ಕೇ ನಾನು IFERROR ಸುತ್ತುವುದಿಲ್ಲ, ಆ ದೋಷಸೂಚನೆ ನನಗೆ ಬೇಕು. ಯಾವ ಸೂಚನೆಯನ್ನೂ ಕೊಡದ ತಪ್ಪೆಂದರೆ ದಿನ-ತಿಂಗಳು ಅದಲುಬದಲಾಗುವುದು. ತಿಂಗಳನ್ನು ಮೊದಲು ಓದುವ ಯಂತ್ರದಲ್ಲಿ ತೆರೆದ ಕಡತದಲ್ಲಿ 05-04-1965 ಎಂಬುದು ಮೇ 4 ಆಗಿಬಿಡುತ್ತದೆ, 25-04-1965 ಪಠ್ಯವಾಗಿಯೇ ಉಳಿಯುತ್ತದೆ. ISNUMBER ನಿಜವೆನ್ನುವ ಸಾಲುಗಳಲ್ಲೆಲ್ಲ DAY 12ರೊಳಗೇ ಇದ್ದರೆ ಆ ಇಡೀ ಕಡತ ಹೀಗೆ ತಿರುಗಿದೆ ಎಂದು ತಿಳಿಯಬೇಕು, ಏಕೆಂದರೆ ಸರಿಯಾದ ಪಟ್ಟಿಯಲ್ಲಿ ಅಂಥವು ಸುಮಾರು ನೂರಕ್ಕೆ ನಲವತ್ತು ಮಾತ್ರ ಇರುತ್ತವೆ. ಎರಡು ಬಗೆಯ ಕಡತಗಳು ಒಂದೇ ಪಟ್ಟಿಯಲ್ಲಿ ಬೆರೆತಾಗ ತಿರುಗಿದ ಸಾಲುಗಳನ್ನು ಹೆಕ್ಕುವ ಒಂದು ಕ್ರಮವೂ ನನ್ನಲ್ಲಿದೆ. ನನ್ನ ಸಂಭಾವನೆಯ ಒಳ್ಳೆಯ ಪಾಲು ಅದರಿಂದಲೇ ಬರುವುದರಿಂದ ಅದನ್ನು ಇಲ್ಲಿ ವಿವರಿಸುತ್ತಿಲ್ಲ.